ಉಯಿಲಿನ ಜೊತೆ ಇಟ್ಟ ಕಾಗದ

ಶ್ರೀ

ಸಾಗರ
16-6-2024

ಚಿ. ಶ್ರೀಧರ, ಚಿ. ವಸುಧಾ, ಚಿ. ನಾಗರಾಜ, ಮೂವರಿಗೂ ಅಮ್ಮ ಮಾಡುವ ಆಶೀರ್ವಾದಗಳು.

ಮೊನ್ನೆ ಬುಧವಾರ ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ಉಯಿಲು ರಿಜಿಸ್ಟರ್ ಮಾಡಿಸಿ ಬಂದೆ. ಯಾರಿಗೆ ಏನು ಅಂತ ಅದರಲ್ಲಿದೆ, ಯಾಕೆ ಅಂತ ಇಲ್ಲ. ಅದನ್ನೆಲ್ಲ ಅಲ್ಲೇ ಬರೆದರೆ ನಾಳೆ ಒಂದೊಂದು ಮಾತಿಗೂ ಬೇರೆ ಅರ್ಥ ಹಚ್ಚುವವರು ಇರುತ್ತಾರೆ ಎಂದರು ವಕೀಲರು. ಹಾಗಾಗಿ ಇದನ್ನು ಬೇರೆ ಬರೆಯುತ್ತಿದ್ದೇನೆ. ಕಾನೂನಿಗೆ ಉಯಿಲೇ ಆಧಾರ, ಈ ಕಾಗದಕ್ಕೆ ಆ ಬಲ ಇಲ್ಲ. ಮೂವರೂ ಒಟ್ಟಿಗೆ ಕೂತು ಓದಿಕೊಳ್ಳಿ. ಶ್ರೀಧರ ಗಟ್ಟಿಯಾಗಿ ಓದಲಿ.

ಈ ಮನೆ ವಸುಧಾಳಿಗೆ. ಪೂರ್ತಿ ಅವಳಿಗೇ. 1989ರಲ್ಲಿ ನನ್ನ ಸಂಬಳದ ಮೇಲೆ ಸಾಲ ತೆಗೆದು ಕಟ್ಟಿದ್ದು, ಇದು ನನ್ನ ಸ್ವಯಾರ್ಜಿತ. ಅಮ್ಮನನ್ನು ನೋಡಿಕೊಂಡಳು, ಅದಕ್ಕೆ ಮನೆ ಸಿಕ್ಕಿತು ಅಂತ ಯಾರೂ ಆಡಬೇಡಿ. 2019ರಲ್ಲಿ ಸೊಂಟದ ಮೂಳೆ ಮುರಿದು ಮಲಗಿದಾಗ ನಾಲ್ಕು ತಿಂಗಳು ಅವಳು ಮಾಡಿದ್ದಕ್ಕೆ ಬೆಲೆ ಕಟ್ಟಲು ನನ್ನಿಂದ ಆಗುವುದಿಲ್ಲ. ಮನೆ ಕೊಟ್ಟದ್ದು ಅವಳಿಗೆ ಬೇರೆ ಸೂರು ಇಲ್ಲ ಅಂತ. ನಿಮ್ಮಿಬ್ಬರಿಗೆ ಇದೆ.

ಇನ್ನೊಂದು ಕಾರಣವನ್ನು ಇದುವರೆಗೆ ನಿಮಗೆ ಹೇಳಿಲ್ಲ. ನನ್ನ ಅಪ್ಪ ಉಯಿಲು ಬರೆಯದೇ ಹೋದರು. 1978ರಲ್ಲಿ, ಹದಿಮೂರನೇ ದಿನ ಊಟ ಆಗಿ ಎಲೆ ತೆಗೆಯುವ ಹೊತ್ತಿಗೆ ನನ್ನ ಅಣ್ಣ ಒಂದು ಕಾಗದ ತಂದು "ಇಲ್ಲೊಂದು ಸಹಿ ಹಾಕು ತಂಗಿ" ಎಂದ. ಹಕ್ಕು ಬಿಟ್ಟುಕೊಡುವ ಪತ್ರ. ಮಕ್ಕಳಿಗೆ ಪಾಠ ಹೇಳುವ ಟೀಚರು ನಾನು, ಓದಿ ನೋಡಲಿಲ್ಲ. ಕೈಯಲ್ಲಿ ಪಾಯಸದ ಅಂಟು ಹಾಗೇ ಇತ್ತು, ಸೆರಗಿಗೆ ಒರೆಸಿಕೊಂಡು ಪೆನ್ನು ಹಿಡಿದೆ. ಮರುವಾರ ಅದರ ರಿಜಿಸ್ಟರೂ ಆಯಿತು. ಅಣ್ಣ ಕೆಟ್ಟವನಲ್ಲ, ಆಗ ಎಲ್ಲರ ಮನೆಯಲ್ಲೂ ಹಾಗೇ. ಆದರೆ ಆಮೇಲೆ ತವರಿಗೆ ಹೋದಾಗಲೆಲ್ಲ ನಾನು ಜಗಲಿಯಲ್ಲೇ ಕೂತಿರುತ್ತಿದ್ದೆ. ಒಳಗೆ ಕರೆದರೂ ಕಾಲು ಏಳುತ್ತಿರಲಿಲ್ಲ. ನನ್ನ ಮಗಳಿಗೆ ಅದು ಬೇಡ.

ವಸುಧಾ, ಮನೆ ಮಾರಬೇಕು ಅನ್ನಿಸಿದರೆ ಮಾರು. ಅಮ್ಮನ ನೆನಪು ಅಂತ ಸೋರುವ ಹೆಂಚಿನ ಕೆಳಗೆ ಒದ್ದಾಡಬೇಡ. ಅಣ್ಣತಮ್ಮಂದಿರು ಅಡ್ಡ ಬರಬಾರದು.

ತೋಟ 1 ಎಕರೆ 12 ಗುಂಟೆ ನಾಗರಾಜನಿಗೆ. ನಿಮ್ಮ ಅಪ್ಪ ಕೊಂಡ ಜಮೀನು, ಅವರ ಉಯಿಲಿನ ಪ್ರಕಾರ 2011ರಲ್ಲಿ ನನ್ನ ಹೆಸರಿಗೆ ಬಂತು. ಕೊಳೆರೋಗಕ್ಕೆ ಮಳೆಯಲ್ಲಿ ನೆನೆದು ಔಷಧಿ ಹೊಡೆಸುವವನು ಅವನು, ಅಡಿಕೆ ಕೊನೆ ತೆಗೆಯುವವರನ್ನು ಹುಡುಕಿಕೊಂಡು ಅಲೆಯುವವನೂ ಅವನೇ. ಪಾಲು ಮಾಡಿದರೆ ಅಷ್ಟು ತೋಟ ಯಾರ ಹೊಟ್ಟೆಗೂ ಆಗುವುದಿಲ್ಲ. ಪಹಣಿ ಬೇಗ ಹೆಸರಿಗೆ ಮಾಡಿಸಿಕೊ ನಾಗು, ನಾಳೆ ನಾಳೆ ಅನ್ನಬೇಡ.

ಶ್ರೀಧರ, ನಿನಗೆ ಜಮೀನೂ ಇಲ್ಲ, ಮನೆಯೂ ಇಲ್ಲ. ಇಲ್ಲಿಯವರೆಗೆ ಓದುವಾಗ ನಿನ್ನ ಮುಖ ಹೇಗಾಗಿರುತ್ತದೆ ಅಂತ ನನಗೆ ಗೊತ್ತು, ಈಗಲೇ ಕಣ್ಣಿಗೆ ಕಟ್ಟುತ್ತಿದೆ. ನಿನ್ನ ಓದಿಗೆ ಸೈಟು ಮಾರಿದೆವು. 2009ರಲ್ಲಿ ನಿನ್ನ ಬೆಂಗಳೂರಿನ ಫ್ಲಾಟಿಗೆ ಅಪ್ಪ 8 ಲಕ್ಷ ಕೊಟ್ಟರು. ಅದನ್ನು ಸಾಲ ಅಂತ ನಾವು ಯಾವತ್ತೂ ಎಣಿಸಿಲ್ಲ, ಸಂತೋಷದಿಂದ ಕೊಟ್ಟದ್ದು. ನಿನ್ನ ಪಾಲು ನಿನಗೆ ಬೇಕಾದಾಗ ಮುಂಚೆಯೇ ಬಂತು ಅಂತ ತಿಳಿದುಕೊ ಮಗಾ. ನಿನ್ನ ಮೇಲೆ ನನಗೆ ಪ್ರೀತಿ ಕಮ್ಮಿ ಅಂತ ಒಂದು ಗಳಿಗೆಯೂ ಅಂದುಕೊಳ್ಳಬೇಡ. ಉಯಿಲು ಜಾರಿ ಮಾಡುವ ಜವಾಬ್ದಾರಿಗೆ ನಿನ್ನ ಹೆಸರನ್ನೇ ಬರೆಸಿದ್ದೇನೆ. ತಂಗಿ, ತಮ್ಮ ನಿನ್ನ ಮಾತು ಕೇಳುತ್ತಾರೆ.

ಬ್ಯಾಂಕಿನ 6 ಲಕ್ಷ ಠೇವಣಿಗೆ ನಾಮಿನಿ ಶ್ರೀಧರ. ನಾಮಿನಿ ಎಂದರೆ ಹಣ ಕೈಗೆ ತೆಗೆದುಕೊಳ್ಳುವವನು ಅಷ್ಟೆ, ಯಜಮಾನ ಅಲ್ಲ. ಉಯಿಲಿನಲ್ಲಿ ಇರುವಂತೆ ದೇವಮ್ಮನಿಗೆ 50 ಸಾವಿರ ಮೊದಲು ಕೊಟ್ಟು, ಉಳಿದದ್ದನ್ನು ಮೂರು ಸಮಪಾಲು ಮಾಡಿ. ಹನ್ನೊಂದು ವರ್ಷದಿಂದ ಈ ಮನೆಯ ಕಸ ಮುಸುರೆ ಮಾಡಿದವಳು ಅವಳು. ಕರೆದು, ಕೂರಿಸಿ, ಕಾಫಿ ಕೊಟ್ಟು ಕೊಡಿ.

ಬಳೆ ಎರಡು, ಸೊಸೆಯರಿಗೆ ಒಂದೊಂದು. ಒಂದರ ಅಂಚು ನಜ್ಜಾಗಿದೆ. ಈ ಮನೆಯ ಮಾಡಿಗೆ ದುಡ್ಡು ಸಾಲದೆ ಸೊಸೈಟಿಯಲ್ಲಿ ಅಡವಿಟ್ಟು ಬಿಡಿಸಿಕೊಂಡು ತರುವಾಗ ಬಸ್ಸಿನ ಬಾಗಿಲಿಗೆ ತಾಗಿ ಆದದ್ದು. ಅದನ್ನು ಕರಗಿಸದೇ ಹಾಗೇ ಇಟ್ಟುಕೊಳ್ಳುತ್ತೇನೆ ಅನ್ನುವವಳಿಗೆ ಅದು. ಅವಲಕ್ಕಿ ಸರ ಮೊಮ್ಮಗಳಿಗೆ, ಅವಳ ಮದುವೆಗೆ ಅಂತ ಕಾಯಬೇಡಿ.

ನಾನು ಹೋದ ಕೂಡಲೇ ಕಣ್ಣಿನ ಆಸ್ಪತ್ರೆಗೆ ಫೋನ್ ಮಾಡಿ. ಆರು ತಾಸಿನೊಳಗೆ ಕಣ್ಣು ತೆಗೆಯಬೇಕು, ಅಳುತ್ತಾ ಕೂತು ಹೊತ್ತು ಕಳೆಯಬೇಡಿ. ವರ್ಷಾಂತಿಕ ಈ ಮನೆಯಲ್ಲೇ ಆಗಲಿ, ಖರ್ಚು ಮೂವರದ್ದು.

ಬೀರುವಿನ ಕೀಲಿ ದೇವರ ಗೂಡಿನಲ್ಲಿ, ಹಳೇ ಕುಂಕುಮದ ಭರಣಿಯ ಹಿಂದೆ ಇದೆ. ಮನೆ ಪತ್ರ, ಪಾಸ್‌ಬುಕ್ಕು, ಅಸಲು ಉಯಿಲು ಎಲ್ಲ ಮೇಲಿನ ಖಾನೆಯಲ್ಲಿವೆ.

ನಿಮ್ಮ,
ಅಮ್ಮ