ಅಕ್ಟೋಬರ್ 2024ರ ಮಾರಾಟ ವರದಿ: ವಹಿವಾಟು ಏರಿದೆ, ಕಾಫಿ ಪುಡಿಯ ತೂಕ ಇಳಿದಿದೆ; 250 ಗ್ರಾಂ ಪ್ಯಾಕೆಟ್ ಕುರಿತು ತೀರ್ಮಾನ ಬೇಕಾಗಿದೆ

ಗೆ: ವ್ಯವಸ್ಥಾಪಕ ನಿರ್ದೇಶಕರು ಮತ್ತು ಆಡಳಿತ ಮಂಡಳಿಯ ಸದಸ್ಯರು
ಪ್ರತಿ: ಲೆಕ್ಕಪತ್ರ ವಿಭಾಗ, ಪ್ಯಾಕಿಂಗ್ ಘಟಕ, ಕುಶಾಲನಗರ
ದಿನಾಂಕ: 6 ನವೆಂಬರ್ 2024, ಮಡಿಕೇರಿ

ಮಾನ್ಯರೇ,

ಅಕ್ಟೋಬರ್ ತಿಂಗಳಲ್ಲಿ ನಮ್ಮ ಒಟ್ಟು ಮಾರಾಟ 38,60,000 ರೂಪಾಯಿ ಆಗಿದೆ. ಕಳೆದ ವರ್ಷ ಇದೇ ತಿಂಗಳಲ್ಲಿ 34,20,000 ರೂಪಾಯಿ ಇದ್ದುದರಿಂದ ಹೆಚ್ಚಳ ಶೇ 12.9, ಆದರೆ ನಾವು ಇಟ್ಟುಕೊಂಡಿದ್ದ 40 ಲಕ್ಷದ ಗುರಿಗೆ 1,40,000 ರೂಪಾಯಿ ಕಡಿಮೆ ಬಿದ್ದಿದೆ. ಮಡಿಕೇರಿ ಮಳಿಗೆಯಿಂದ 14,20,000, ಕುಶಾಲನಗರದಿಂದ 9,80,000, ವಿರಾಜಪೇಟೆಯಿಂದ 5,10,000, ಹೋಂಸ್ಟೇ ಮತ್ತು ಅಂಗಡಿಗಳ ಸಗಟು ಮಾರಾಟದಿಂದ 6,90,000, ಕೊರಿಯರ್ ಆರ್ಡರ್‌ಗಳಿಂದ 2,60,000 ರೂಪಾಯಿ ಬಂದಿದೆ. ದಿನವಾರು ಲೆಕ್ಕ ಲಗತ್ತಿಸಿದ ಎಕ್ಸೆಲ್ ಕಡತದಲ್ಲಿದೆ. ದಸರಾ ಮತ್ತು ತುಲಾ ಸಂಕ್ರಮಣ ಎರಡೂ ವರ್ಷ ಅಕ್ಟೋಬರ್‌ನಲ್ಲೇ ಬಂದಿದ್ದರಿಂದ ಈ ಹೋಲಿಕೆ ನ್ಯಾಯವಾದದ್ದೇ; ದೀಪಾವಳಿ ಕಳೆದ ವರ್ಷ ನವೆಂಬರ್‌ಗೆ ಹೋಗಿತ್ತು, ಈ ಬಾರಿ ಅದರ ಮೊದಲ ದಿನ ಮಾತ್ರ 31ರಂದು ಈ ತಿಂಗಳಿಗೆ ಸೇರಿದೆ.

ಈ ಅಂಕಿಗಳಲ್ಲಿ ತಮ್ಮ ಗಮನಕ್ಕೆ ತರಲೇಬೇಕಾದ ಮೂರು ಸಂಗತಿಗಳಿವೆ. ಮೂರೂ ಕಾಫಿ ಪುಡಿಗೇ ಸಂಬಂಧಿಸಿದವು.

ಮೊದಲನೆಯದು, ನಮ್ಮ ಬೆಳವಣಿಗೆಯ ಹೆಚ್ಚಿನ ಪಾಲು ದರದಿಂದ ಬಂದದ್ದೇ ಹೊರತು ಮಾರಾಟವಾದ ತೂಕದಿಂದಲ್ಲ. ಕಳೆದ ಅಕ್ಟೋಬರ್‌ನಲ್ಲಿ ಕೆ.ಜಿ.ಗೆ ಸರಾಸರಿ 480 ರೂಪಾಯಿಯಂತೆ 3,150 ಕೆ.ಜಿ. ಕಾಫಿ ಪುಡಿ ಮಾರಿದ್ದೆವು. ಈ ಬಾರಿ 610 ರೂಪಾಯಿಯಂತೆ 2,940 ಕೆ.ಜಿ. ಮಾತ್ರ ಹೋಗಿದೆ. ಪುಡಿಯ ವಹಿವಾಟು 2,81,400 ರೂಪಾಯಿ ಹೆಚ್ಚಿದ್ದರೂ ತೂಕ 210 ಕೆ.ಜಿ.ಯಷ್ಟು ಇಳಿದಿದೆ. ವಿಯೆಟ್ನಾಂನ ಬರಗಾಲದ ನಂತರ ರೊಬಸ್ಟಾ ಬೀಜದ ದರ ಹಿಂದೆಂದೂ ಕಾಣದ ಮಟ್ಟಕ್ಕೆ ಏರಿದ್ದರಿಂದ ಜುಲೈಯಲ್ಲಿ ನಾವು ದರ ಹೆಚ್ಚಿಸದೆ ಬೇರೆ ದಾರಿ ಇರಲಿಲ್ಲ, ಆ ನಿರ್ಧಾರ ತಪ್ಪೆಂದು ನಾನು ಹೇಳುತ್ತಿಲ್ಲ. ಗ್ರಾಹಕರು ಅದಕ್ಕೆ ಹೇಗೆ ಹೊಂದಿಕೊಂಡಿದ್ದಾರೆ ಎಂಬುದು ಇಲ್ಲಿ ಮುಖ್ಯ. ಅವರು ಕಾಫಿ ಬಿಟ್ಟಿಲ್ಲ, ಪ್ಯಾಕೆಟ್ ಚಿಕ್ಕದು ಮಾಡಿಕೊಂಡಿದ್ದಾರೆ: 250 ಗ್ರಾಂ ಪ್ಯಾಕೆಟ್ 4,100ರಿಂದ 5,200ಕ್ಕೆ ಏರಿದ್ದರೆ, 500 ಗ್ರಾಂ ಪ್ಯಾಕೆಟ್ 3,050ರಿಂದ 2,140ಕ್ಕೆ ಇಳಿದಿದೆ.

ಎರಡನೆಯದು, ತಿಂಗಳ ಮಾರಾಟದ ಶೇ 45 ಭಾಗ, ಅಂದರೆ 17,40,000 ರೂಪಾಯಿ, 11ರಿಂದ 20ರವರೆಗಿನ ಹತ್ತೇ ದಿನಗಳಲ್ಲಿ ಆಗಿದೆ. ಆಯುಧಪೂಜೆ ಶುಕ್ರವಾರ ಮತ್ತು ವಿಜಯದಶಮಿ ಶನಿವಾರ ಬಂದದ್ದು, ನಂತರ 17ರಂದು ತಲಕಾವೇರಿಯ ತೀರ್ಥೋದ್ಭವ, ಹೀಗೆ ಜನ ಒಂದೇ ಸಮನೆ ಬಂದರು. ನಾವು ಎಡವಿದ್ದೂ ಅಲ್ಲಿಯೇ. 12ರ ರಾತ್ರಿ ದಶಮಂಟಪಗಳ ಮೆರವಣಿಗೆ ನೋಡಲು ಬಂದವರು ಮಡಿಕೇರಿ ಮಳಿಗೆಯ ಮುಂದೆ ಸಾಲುಗಟ್ಟಿ ನಿಂತಿದ್ದಾಗ, ಒಂಬತ್ತೂವರೆಗೆ 250 ಗ್ರಾಂನ ಶುದ್ಧ ಕಾಫಿ ಪ್ಯಾಕೆಟ್ ಮುಗಿದುಹೋಯಿತು. ಹಿಂದಿನ ಕಪಾಟಿನಲ್ಲಿ 500 ಗ್ರಾಂ ಪ್ಯಾಕೆಟ್‌ಗಳು ಎದೆಮಟ್ಟ ಪೇರಿಸಿಟ್ಟಂತೆಯೇ ಇದ್ದವು. ಅದನ್ನೇ ಒಡೆದು ಅರ್ಧ ತೂಗಿ ಕೊಡಿ ಎಂದು ಕೆಲವರು ಕೇಳಿದರಂತೆ; ದರ ಮತ್ತು ದಿನಾಂಕದ ಲೇಬಲ್ ಇಲ್ಲದ ಪೊಟ್ಟಣ ಕೊಡಲಾಗದು ಎಂದು ಕೌಂಟರ್ ಸಿಬ್ಬಂದಿ ನಿರಾಕರಿಸಿದ್ದು ಸರಿಯಾಗಿದೆ, ಅದಕ್ಕಾಗಿ ಅವರನ್ನು ಅಭಿನಂದಿಸುತ್ತೇನೆ. ಅದೇ ಹೊತ್ತಿಗೆ ಕುಶಾಲನಗರದ ಗೋದಾಮಿನಲ್ಲಿ 400 ಚಿಕ್ಕ ಪ್ಯಾಕೆಟ್ ಇದ್ದವು. ಮಂಟಪಗಳಿಗಾಗಿ ಪಟ್ಟಣದ ರಸ್ತೆಗಳಲ್ಲಿ ವಾಹನ ತಡೆದಿದ್ದರಿಂದ ನಮ್ಮ ಗಾಡಿ ಒಳಗೆ ಬರಲಾಗಲಿಲ್ಲ. ಬರಿಗೈಯಲ್ಲಿ ಹಿಂದಿರುಗಿದವರು 63 ಮಂದಿ ಎಂದು ಕೌಂಟರ್ ಡೈರಿಯಲ್ಲಿ ಬರೆದಿದೆ. ಪುಡಿ ಕೊಳ್ಳುವವರು ಜೇನು, ಕರಿಮೆಣಸನ್ನೂ ಸೇರಿಸಿ ಕೊಳ್ಳುವುದರಿಂದ ಆ ದಿನದ ಸರಾಸರಿ ಬಿಲ್ 640 ರೂಪಾಯಿ ಇತ್ತು. ಆ ಲೆಕ್ಕದಲ್ಲಿ ಒಂದೇ ರಾತ್ರಿಯ ನಷ್ಟ ಸುಮಾರು 40,000 ರೂಪಾಯಿ. ಗುರಿ ತಪ್ಪಿದ್ದಕ್ಕೆ ಇದೊಂದೇ ಕಾರಣವಲ್ಲ, ಆದರೆ ನಮ್ಮ ಕೈಯಲ್ಲೇ ಇದ್ದ ಕಾರಣ ಇದು.

ಮೂರನೆಯದು ಮೊದಲನೆಯದಕ್ಕೆ ಅಗತ್ಯವಾದ ತಿದ್ದುಪಡಿ. 500 ಗ್ರಾಂ ಪ್ಯಾಕೆಟ್‌ನ ಇಳಿಕೆ ಎಲ್ಲ ಕಡೆ ಒಂದೇ ರೀತಿ ಆಗಿಲ್ಲ. ವಿರಾಜಪೇಟೆಯಲ್ಲಿ ಕಳೆದ ವರ್ಷ 735 ಹೋಗಿದ್ದರೆ ಈ ವರ್ಷ 720 ಹೋಗಿದೆ. ಇದನ್ನು ಇಳಿಕೆ ಎನ್ನಲಾಗದು. ಅಲ್ಲಿನ ಗ್ರಾಹಕರು ಹೆಚ್ಚಾಗಿ ಸುತ್ತಮುತ್ತಲಿನ ಮನೆಯವರು. ಕಾವೇರಿ ಸಂಕ್ರಮಣಕ್ಕೆ ಊರಿನಿಂದ ಹೊರಗಿರುವ ಮಕ್ಕಳು, ನೆಂಟರು ಬರುತ್ತಾರೆಂದು ವಾರ ಮೊದಲೇ ಮನೆಗೆ ಪುಡಿ ಒಯ್ಯುವವರಿಗೆ ದೊಡ್ಡ ಪ್ಯಾಕೆಟ್ಟೇ ಬೇಕು. ಹೀಗಾಗಿ ಪೂರಾ ಇಳಿಕೆ ಪ್ರವಾಸಿಗರು ಹೆಚ್ಚಿರುವ ಮಡಿಕೇರಿ ಮತ್ತು ಕುಶಾಲನಗರದ ಕೌಂಟರ್‌ಗಳದ್ದೆಂದೇ ಹೇಳಬಹುದು. ಒಟ್ಟು ಅಂಕಿ ಮಾತ್ರ ನೋಡಿ 500 ಗ್ರಾಂ ಪ್ಯಾಕೆಟ್ ಎಲ್ಲೆಡೆ ಕಡಿಮೆ ಮಾಡಿದರೆ, ವರ್ಷವಿಡೀ ನಮ್ಮನ್ನು ನೆಚ್ಚಿಕೊಂಡಿರುವ ಸ್ಥಳೀಯ ಮನೆಗಳನ್ನು ಕಳೆದುಕೊಳ್ಳುವ ಅಪಾಯವಿದೆ.

ಶಿಫಾರಸು: ಕುಶಾಲನಗರದ ಪ್ಯಾಕಿಂಗ್ ಘಟಕದಲ್ಲಿ ವಾರದ ಆರು ದಿನಗಳಲ್ಲಿ ಈಗ ಮೂರು ದಿನ ಮಾತ್ರ 250 ಗ್ರಾಂ ಪ್ಯಾಕೆಟ್ ತುಂಬಿಸಲಾಗುತ್ತಿದೆ, ನವೆಂಬರ್ 18ರಿಂದ ಅದನ್ನು ನಾಲ್ಕು ದಿನಕ್ಕೆ ಏರಿಸಿ, ಹುತ್ತರಿ, ಕ್ರಿಸ್ಮಸ್ ಹಾಗೂ ಹೊಸ ವರ್ಷದ ರಜೆಗಾಗಿ ಡಿಸೆಂಬರ್ 10ರೊಳಗೆ 1,500 ಪ್ಯಾಕೆಟ್‌ಗಳ ದಾಸ್ತಾನನ್ನು ಮಡಿಕೇರಿ ಮಳಿಗೆಯಲ್ಲಿಯೇ ಇಡಲು ತಾವು ಅನುಮತಿ ನೀಡಬೇಕು. ವಿರಾಜಪೇಟೆಯ ಪೂರೈಕೆಯನ್ನು ಈಗಿರುವಂತೆಯೇ ಮುಂದುವರಿಸಬೇಕು.

ಚಿಕ್ಕ ಪ್ಯಾಕೆಟ್‌ಗೆ ಪೌಚ್, ಲೇಬಲ್ ಮತ್ತು ಕೂಲಿ ಸೇರಿ ಕೆ.ಜಿ.ಗೆ 9 ರೂಪಾಯಿ ಹೆಚ್ಚು ಬೀಳುತ್ತದೆ. ಹೆಚ್ಚುವರಿ ದಿನಕ್ಕೆ ತಿಂಗಳಿಗೆ ಸುಮಾರು 380 ಕೆ.ಜಿ. ಹಿಡಿದರೂ ಖರ್ಚು 3,420 ರೂಪಾಯಿ ಮೀರುವುದಿಲ್ಲ. 1,500 ಪ್ಯಾಕೆಟ್ ಎಂದರೆ 375 ಕೆ.ಜಿ.; ತಯಾರಿಕಾ ವೆಚ್ಚ ಕೆ.ಜಿ.ಗೆ 480 ರೂಪಾಯಿಯಂತೆ 1,80,000 ರೂಪಾಯಿ ಕೆಲವು ವಾರ ದಾಸ್ತಾನಿನಲ್ಲಿ ಸಿಕ್ಕಿಕೊಳ್ಳುತ್ತದೆ ಎಂಬುದನ್ನೂ ತಮ್ಮ ಮುಂದಿಡುತ್ತಿದ್ದೇನೆ. ಈ ದಾಸ್ತಾನಿನ ಬೀಜವನ್ನು ಈಗಲೇ ಹುರಿದಿಡುವುದು ಬೇಡ. ಪುಡಿ ಮಾಡಿದ ಕಾಫಿ ಬೇಗ ಪರಿಮಳ ಕಳೆದುಕೊಳ್ಳುವುದರಿಂದ ಡಿಸೆಂಬರ್ ಮೊದಲ ವಾರದಲ್ಲೇ ಹುರಿದು, ಪುಡಿ ಮಾಡಿ, ವಾಲ್ವ್ ಇರುವ ಪೌಚ್‌ಗೆ ತುಂಬಬೇಕು. ಮಡಿಕೇರಿಗೆ ಬಂದು ಕೊಡಗಿನ ಕಾಫಿ ಒಯ್ದವರು ಮನೆಯಲ್ಲಿ ಪೌಚ್ ಬಿಚ್ಚಿದಾಗ ಆ ಪರಿಮಳ ಇರಲೇಬೇಕೆಂಬುದು ನನ್ನ ಆಗ್ರಹ.

ಸಗಟು ವ್ಯಾಪಾರದಲ್ಲಿ 45 ದಿನ ಮೀರಿದ ಬಾಕಿ 3,80,000 ರೂಪಾಯಿಗೆ ಏರಿರುವುದನ್ನು ಲೆಕ್ಕಪತ್ರ ವಿಭಾಗದ ಜೊತೆ ಪರಿಶೀಲಿಸುತ್ತಿದ್ದು, ಅದರ ವಿವರವನ್ನು ಪ್ರತ್ಯೇಕವಾಗಿ ಕಳುಹಿಸುತ್ತೇನೆ.

ಪೌಚ್ ಮುದ್ರಕರಿಗೆ ಆರ್ಡರ್ ಕೊಟ್ಟ ಮೇಲೆ ಸರಕು ಕೈಸೇರಲು ಹದಿನೈದು ದಿನ ಬೇಕಾಗುವುದರಿಂದ, ತಮ್ಮ ತೀರ್ಮಾನವನ್ನು ನವೆಂಬರ್ 11ರ ಸೋಮವಾರದೊಳಗೆ ತಿಳಿಸಬೇಕೆಂದು ವಿನಂತಿಸುತ್ತೇನೆ. ಮೊದಲ ವಾರಗಳ ಕೆಲಸಕ್ಕೆ ಸಾಕಾಗುವಷ್ಟು ಪೌಚ್ ಗೋದಾಮಿನಲ್ಲಿದೆ.

ತಮ್ಮ ವಿಶ್ವಾಸಿ,
ಮಾರಾಟ ವಿಭಾಗದ ಮುಖ್ಯಸ್ಥೆ
ಮಡಿಕೇರಿ ಕಚೇರಿ

ಲಗತ್ತು: ಮಳಿಗೆವಾರು ಹಾಗೂ ದಿನವಾರು ಮಾರಾಟ ಲೆಕ್ಕ, ಅಕ್ಟೋಬರ್ 2023 ಮತ್ತು 2024