ಕ್ವಾಲಿಟಿ ಲ್ಯಾಬ್ ಅಸಿಸ್ಟೆಂಟ್ ಕೆಲ್ಸಕ್ಕೆ ಹಾಕಿದ ಅರ್ಜಿ ಬಗ್ಗೆ

ಮೂಡಿಗೆರೆ, 10-11-2025

ಮ್ಯಾನೇಜರ್ ಸರ್‌ಗೆ ನಮಸ್ಕಾರ,

ನಾನು ಕಾವ್ಯ ಅಂತ, ಹೋದ ಸೋಮವಾರ, ನವೆಂಬರ್ 3ನೇ ತಾರೀಕು, ನಿಮ್ಮ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕ್ವಾಲಿಟಿ ಲ್ಯಾಬ್‌ಗೆ ಅಸಿಸ್ಟೆಂಟ್ ಬೇಕು ಅಂತ ಇದ್ದದ್ದಕ್ಕೆ ಈ ಮೇಲ್‌ಗೇ ಅರ್ಜಿ ಕಳ್ಸಿದ್ದೆ. ತಲುಪಿದ್ಯಾ ಅಂತ ಕೇಳೋಣ ಅಂತ ಬರೀತಿದೀನಿ ಸರ್. ಅರೇಬಿಕಾ ಕೊಯ್ಲು ಶುರುವಾಗಿರೋ ಟೈಮು, ಹೊಸ ಸೀಸನ್‌ಗೆ ಮಿಷಿನ್ ರೆಡಿ ಮಾಡೋ ಓಡಾಟದಲ್ಲಿ ಇರ್ತೀರ ಅಂತ ಗೊತ್ತು, ಅದಕ್ಕೇ ಒಂದು ವಾರ ಬಿಟ್ಟು ಬರೀತಿರೋದು.

ಇನ್ನೊಂದು ವಿಷ್ಯ, ನೀವು ಫೋನ್ ಮಾಡಿದ್ದು ನನಗೆ ಬಂದಿಲ್ದೇ ಇರಬೋದು. ನಮ್ಮನೆ ತೋಟದ ಒಳಗಿರೋದ್ರಿಂದ ಕರೆಂಟ್ ಹೋದ್ರೆ ಟವರ್ರೂ ಹೋಗತ್ತೆ, ಹೋದ ವಾರ ಎರಡು ದಿನ ಹಂಗೇ ಆಗಿತ್ತು. ಅರ್ಜಿಲಿರೋ ನಂಬರ್‌ಗೆ ವಾಟ್ಸಾಪ್‌ನಲ್ಲಿ ಒಂದು ಮೆಸೇಜ್ ಹಾಕಿದ್ರೆ ನೆಟ್‌ವರ್ಕ್ ಸಿಕ್ಕ ತಕ್ಷಣ ನಾನೇ ವಾಪಸ್ ಫೋನ್ ಮಾಡ್ತೀನಿ.

ಅರ್ಜಿ ಜೊತೆ ಹಾಕಿದ್ದ ಬಿಎಸ್ಸಿ ಮಾರ್ಕ್ಸ್ ಕಾರ್ಡ್‌ನ ಎರಡನೇ ಪುಟ ಮಸುಕಾಗಿ ಬಂದಿತ್ತು, ಕಳ್ಸಿದ್ಮೇಲೆ ನೋಡ್ಕೊಂಡೆ. ಅದನ್ನ ಮತ್ತೆ ಸ್ಕ್ಯಾನ್ ಮಾಡ್ಸಿ ಇದರ ಜೊತೆ ಹಾಕಿದೀನಿ, ದಯವಿಟ್ಟು ಹಳೇದರ ಬದಲು ಇದನ್ನ ಇಟ್ಕೊಳ್ಳಿ.

ಎರಡು ಸೀಸನ್ ಕಾಫಿ ಮಂಡಿಲಿ ಕೆಲ್ಸ ಮಾಡಿದೀನಿ ಅಂತಷ್ಟೇ ಅರ್ಜಿಲಿ ಬರೆದಿದ್ದೆ, ಏನ್ ಮಾಡ್ತಿದ್ದೆ ಅಂತ ಸರಿಯಾಗಿ ಹೇಳಿರ್ಲಿಲ್ಲ. ಬಂದ ಕಾಫಿದು ಮಾಯಿಶ್ಚರ್ ನೋಡೋದು, ಓಟಿ ತೆಗೆಯೋದು, ಚೀಟಿ ಬರೆಯೋದು, ಇಷ್ಟೂ ನನ್ನ ಮೇಲೇ ಇತ್ತು. ಹೋದ ಫೆಬ್ರವರಿಲಿ ಒಬ್ರು ಸಣ್ಣ ಬೆಳೆಗಾರರು 14 ಚೀಲ ರೋಬಸ್ಟಾ ಚೆರಿ ತಂದಿದ್ರು. ಮೊದಲ ಸ್ಯಾಂಪಲ್ ಹಲ್ಲರ್‌ಗೆ ಹಾಕಿ ಸಿಪ್ಪೆ ತೆಗೆದು ಬೀಜ ತೂಗಿದಾಗ ಓಟಿ 24 ಬಂತು, ಅವ್ರು ಏನೂ ಮಾತಾಡ್ದೆ ತಟ್ಟೆಲಿದ್ದ ಬೀಜ ಕೈಯಲ್ಲಿ ತಿರುವಿ ನೋಡ್ತಾ ನಿಂತ್ಬಿಟ್ರು. ನನಗೂ ಯಾಕೋ ಸರಿ ಅನ್ನಿಸ್ಲಿಲ್ಲ, ಕೇಳಿದ್ರೆ ಸ್ಯಾಂಪಲ್ ಬರೀ ಗಾಡಿ ಬಾಗಿಲ ಹತ್ರ ಇದ್ದ ಎರಡು ಚೀಲದಿಂದ ತೆಗೆದಿದ್ರು, ಅದರಲ್ಲಿ ಜೊಳ್ಳು ಜಾಸ್ತಿ ಇತ್ತು. ಓನರ್ ಹತ್ರ ಕೇಳ್ಕೊಂಡು 14 ಚೀಲಾನೂ ಬಿಚ್ಚಿ, ಮೇಲೆ ಮಧ್ಯ ಕೆಳಗೆ ಎಲ್ಲಾ ಕಡೆಯಿಂದ ಹಿಡಿ ಹಿಡಿ ತೆಗೆದು ಕಲಸಿ ಇನ್ನೊಂದ್ಸಲ ತೆಗೆದ್ವಿ, 26 ಬಂತು. 50 ಕೆಜಿ ಚೀಲಕ್ಕೆ ಎರಡು ಕೆಜಿ ಅಂದ್ರೆ 14 ಚೀಲಕ್ಕೆ 28 ಕೆಜಿ ಬೀಜದ ದುಡ್ಡು ಅದು, ಅಷ್ಟು ಚಿಕ್ಕ ತೋಟದವ್ರಿಗೆ ದೊಡ್ಡ ಮೊತ್ತ. ಆವತ್ತಿಂದ ಸ್ಯಾಂಪಲ್ ನಾನೇ ನಿಂತು ತೆಗೆಸ್ತೀನಿ. ಈ ಕೆಲ್ಸ ನನಗೆ ತುಂಬಾ ಇಷ್ಟ ಸರ್, ಲ್ಯಾಬ್‌ನಲ್ಲೇ ಇದ್ದು ಸರಿಯಾಗಿ ಕಲೀಬೇಕು ಅಂತಾನೇ ನಿಮ್ಮಲ್ಲಿಗೆ ಅರ್ಜಿ ಹಾಕಿದ್ದು.

ಗೊತ್ತಿಲ್ದೇ ಇರೋದನ್ನೂ ಈಗಲೇ ಹೇಳ್ಬಿಡ್ತೀನಿ. ಜರಡಿ ಹಾಕಿ ಎಎ, ಎ, ಬಿ, ಪಿಬಿ ಅಂತ ಗ್ರೇಡ್ ಮಾಡೋದನ್ನ ನೋಡಿದೀನಿ, ಕೈಯಾರೆ ಮಾಡಿಲ್ಲ. ಕಪ್ಪಿಂಗ್ ಅಂತೂ ಹೊಸದು. ಹೇಳ್ಕೊಟ್ರೆ ಕಲೀತೀನಿ.

ಇಂಟರ್‌ವ್ಯೂಗೆ ಯಾವತ್ತು ಕರೆದ್ರೂ ಬರ್ತೀನಿ, ಬೆಳಿಗ್ಗೆ ಬಸ್ಸಿಗೆ ಹೊರಟ್ರೆ ಆಫೀಸ್ ತೆಗೆಯೋ ಹೊತ್ತಿಗೆ ಚಿಕ್ಕಮಗಳೂರಲ್ಲಿ ಇರ್ತೀನಿ. ಒಂದು ದಿನ ಲ್ಯಾಬ್‌ನಲ್ಲಿ ಕೆಲ್ಸ ಮಾಡ್ಸಿ ನೋಡ್ತೀವಿ ಅಂದ್ರೂ ಸಂತೋಷವೇ. ಕೆಲ್ಸ ಸಿಕ್ಕಿದ್ರೆ ಡಿಸೆಂಬರ್ 1ರಿಂದಲೇ ಸೇರ್ಕೋಬೋದು, ಅಲ್ಲಿ ನಮ್ಮ ಚಿಕ್ಕಮ್ಮನ ಮನೆ ಇರೋದ್ರಿಂದ ಉಳ್ಕೊಳ್ಳೋಕೆ ತೊಂದ್ರೆ ಇಲ್ಲ.

ಈ ಸೀಸನ್ನೂ ಬರ್ತೀಯೇನಮ್ಮ ಅಂತ ಮಂಡಿ ಓನರ್ ಕೇಳ್ತಿದಾರೆ, ತಿಂಗಳ ಕೊನೆಗೆ ಹೇಳ್ತೀನಿ ಅಂದಿದೀನಿ. ನಿಮಗೆ ಅವಸರ ಮಾಡೋಕೆ ಹೇಳ್ತಿಲ್ಲ ಸರ್. ಇನ್ನೂ ಅರ್ಜಿ ನೋಡ್ತಿದ್ರೆ ಹಂಗಂತ, ಬೇರೆಯವ್ರನ್ನ ತಗೊಂಡಾಗಿದ್ರೆ ಹಂಗಂತ, ಒಂದು ಸಾಲು ಬರೆದ್ರೆ ಸಾಕು, ಅವ್ರಿಗೂ ಸರಿಯಾಗಿ ಉತ್ತರ ಕೊಡೋಕಾಗತ್ತೆ.

ಬಿಡುವು ಮಾಡ್ಕೊಂಡು ಓದಿದ್ದಕ್ಕೆ ಧನ್ಯವಾದ ಸರ್.

ಇಂತಿ,
ಕಾವ್ಯ

ಜೊತೆಗೆ ಇರೋದು: ಮಾರ್ಕ್ಸ್ ಕಾರ್ಡ್‌ನ ಎರಡನೇ ಪುಟ, ಮತ್ತೆ ನವೆಂಬರ್ 3ಕ್ಕೆ ಕಳ್ಸಿದ್ದ ಅರ್ಜಿ ಇನ್ನೊಂದು ಕಾಪಿ, ಹುಡುಕೋ ಕೆಲ್ಸ ಬೇಡ ಅಂತ.