ಈ ವರ್ಷ ಜೊತೆಗಿದ್ದವರಿಗೆ

ಚಾಮುಂಡಿ ಬೆಟ್ಟದ ನಂದಿ ಹತ್ತಿರ, ಹೋದ ಭಾನುವಾರ ಬೆಳಿಗ್ಗೆ. ಮೆಟ್ಟಿಲು ಹತ್ತಿ ಎಲ್ಲರಿಗೂ ಏದುಸಿರು, ಒಬ್ಬಳ ಕಣ್ಣು ಮುಚ್ಚಿದೆ. ಆದರೂ ಇದೇ ಫೋಟೋ ಹಾಕುತ್ತಿದ್ದೇನೆ. ನಾನು ಹೀಗೆ ಹಲ್ಲು ಬಿಟ್ಟು ನಕ್ಕು ತುಂಬಾ ದಿನ ಆಗಿತ್ತು.

ಈ ವರ್ಷ ನಮ್ಮ ಮನೆಗೆ ಕಷ್ಟದ ವರ್ಷ. ಏನಾಯ್ತು ಅಂತ ಇಲ್ಲಿ ಬರೆಯುವುದಿಲ್ಲ. ಅದು ನನ್ನೊಬ್ಬಳ ವಿಷಯ ಅಲ್ಲ, ಮನೆಯವರದ್ದೂ ಹೌದು. ಗೊತ್ತಿರುವವರಿಗೆ ಗೊತ್ತು. ಗೊತ್ತಿಲ್ಲದವರು ಗಾಬರಿಯಾಗಬೇಡಿ, ಈಗ ಪರವಾಗಿಲ್ಲ. ಆದರೆ ಥ್ಯಾಂಕ್ಸ್ ಮಾತ್ರ ಎಲ್ಲರ ಎದುರಿಗೇ ಹೇಳಬೇಕು ಅನ್ನಿಸಿತು.

ಗೇಟಿನ ಚಿಲಕಕ್ಕೆ ಬಟ್ಟೆ ಬ್ಯಾಗ್ ನೇತುಹಾಕಿ, ಬೆಲ್ ಕೂಡ ಮಾಡದೆ ಹೋಗುತ್ತಿದ್ದೆಯಲ್ಲ ನೀನು. ಆಮೇಲೆ ಒಂದು ಮೆಸೇಜ್: "ಸಾರು ಬಿಸಿ ಇದೆ. ಡಬ್ಬ ವಾಪಸ್ ಕೊಡೋ ಅವಸರ ಇಲ್ಲ." ಅನ್ನ, ಹುರುಳಿಕಾಳಿನ ಬಸ್ಸಾರು, ಪಲ್ಯ. ಮೆತ್ತಗಾಗದಿರಲಿ ಅಂತ ಹಪ್ಪಳವನ್ನು ಬೇರೆಯಾಗಿ ಪೇಪರ್‌ನಲ್ಲಿ ಸುತ್ತಿ ಮೇಲೆ ಇಟ್ಟಿದ್ದೆ. ಆ ಹಪ್ಪಳ ನೋಡಿ ಅವತ್ತು ಹೊಟ್ಟೆ ತುಂಬ ಉಂಡೆ.

ಟ್ಯಾಕ್ಸ್ ರಿಟರ್ನ್ಸ್ ಹಾಕುವ ಕೊನೆ ದಿನ ಹತ್ತಿರ ಬಂದದ್ದು ನನಗೆ ಗೊತ್ತೇ ಆಗಿರಲಿಲ್ಲ. "ಫಾರಂ 16 ಕಳಿಸು, ಒಟಿಪಿ ಬಂದಾಗ ಹೇಳು, ಅಷ್ಟು ಸಾಕು" ಅಂದವನೇ, ಆ ರಾತ್ರಿ ಎಷ್ಟು ನಿರಾಳ ಆಯ್ತು ಗೊತ್ತಾ?

ಮಗಳು ಸ್ಕೂಲ್ ವ್ಯಾನ್ ಇಳಿದ ಕೂಡಲೇ ಕರೆದುಕೊಂಡು ಹೋಗಿ, ತಿಂಡಿ ಕೊಟ್ಟು, ಹೋಂವರ್ಕ್ ಮಾಡಿಸಿ, ಜಡೆ ಬಿಚ್ಚಿ ಮತ್ತೆ ಹೆಣೆದು ಕಳಿಸುತ್ತಿದ್ದ ಪಕ್ಕದ ಮನೆ ಅಕ್ಕ, ನೀವು ಇದನ್ನೆಲ್ಲ ನೋಡುವವರಲ್ಲ. ಮನೆಗೆ ಬಂದು ಓದಿ ಹೇಳುತ್ತೇನೆ.

ಡಬ್ಲಿನ್‌ನಲ್ಲಿರುವವಳೇ, "ಉತ್ತರ ಬೇಡ, ಸುಮ್ನೆ ಕೇಳು" ಅಂತ ಶುರುವಾಗುತ್ತಿದ್ದ ನಿನ್ನ ವಾಯ್ಸ್ ನೋಟುಗಳು ಇನ್ನೂ ಫೋನಿನಲ್ಲಿವೆ. ಅಲ್ಲಿನ ಮಳೆ, ತಪ್ಪಿದ ಬಸ್ಸು, ಆಫೀಸಿನ ಕಾಫಿ. ನಿದ್ದೆ ಬಾರದ ರಾತ್ರಿಗಳಲ್ಲಿ ಅದನ್ನೇ ಕೇಳುತ್ತಿದ್ದೆ.

ನಿಮ್ಮಲ್ಲಿ ಒಬ್ಬರೂ "ಯಾಕೆ ಹೀಗಾಯ್ತು, ಮುಂದೇನು" ಅಂತ ಕೆದಕಲಿಲ್ಲ. ನಾನು ಹೇಳಿದಷ್ಟು ಕೇಳಿಸಿಕೊಂಡಿರಿ. ಸುಮ್ಮನಾದಾಗ ಬೇರೆ ಮಾತು ತೆಗೆದಿರಿ. ನಮ್ಮ ವಿಷಯ ನಿಮ್ಮಿಂದ ಆಚೆ ಹೋಗಲಿಲ್ಲ. ಊಟ, ಓಡಾಟ, ಹಣದ ಸಹಾಯ ಎಲ್ಲಕ್ಕೂ ಋಣಿ, ಆದರೆ ನನ್ನನ್ನು ಜಾಸ್ತಿ ಕಾಪಾಡಿದ್ದು ಇದು.

ಮೆಸೇಜ್ ಮಾಡಿ ಉತ್ತರ ಬಾರದಿದ್ದರೂ ಮತ್ತೆ ಮತ್ತೆ "ಗುಡ್ ಮಾರ್ನಿಂಗ್" ಕಳಿಸಿದವರಿಗೂ ಥ್ಯಾಂಕ್ಸ್. ಒಂದೊಂದನ್ನೂ ನೋಡಿದ್ದೇನೆ.

ಈ ವರ್ಷ ಸಂಕ್ರಾಂತಿಗೆ ನಮ್ಮ ಮನೆಯಲ್ಲಿ ಎಳ್ಳು ಬೀರಲು ಆಗಿರಲಿಲ್ಲ. ಈಗ ಕೊಬ್ಬರಿ, ಬೆಲ್ಲ ತಂದಾಗಿದೆ. ಅಮ್ಮ ಅಡಕತ್ತರಿ ಹಿಡಿದು ಕೂತಿದ್ದಾರೆ, ಮಗಳು ಹೆಚ್ಚಿದ್ದಕ್ಕಿಂತ ತಿಂದದ್ದೇ ಜಾಸ್ತಿ. ಹಬ್ಬದ ದಿನ ಎಲ್ಲರ ಮನೆಗೂ ನಾವೇ ಬರುತ್ತೇವೆ. ಸಂಜೆ ಎಲ್ಲೂ ಹೋಗಬೇಡಿ.